ಒಡೆಯಿತೇ, ಮುರಿಯಿತೇ, ಹರಿಯಿತೇ, ಸಿಡಿಯಿತೇ? ರೈಸ್ ಮಿಲ್ಲಿನ ವಿಮೆ ಕ್ಲೇಮಿನಲ್ಲಿ ಹಾನಿ ಬರೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆಯ ಅಕ್ಕಿ ಗಿರಣಿಗಳಲ್ಲಿ ಯಂತ್ರ ಕೆಟ್ಟಾಗ ವಿಮೆ ಕಂಪನಿಗೆ ಮೊದಲ ಪತ್ರ ಬರೆಯುವವರು ಸಾಮಾನ್ಯವಾಗಿ ಗುಮಾಸ್ತರು. ಆ ಪತ್ರದ ಎರಡು ಮೂರು ಸಾಲುಗಳೇ ಮುಂದೆ ಕ್ಲೇಮ್ ಫಾರ್ಮಿಗೂ, ಹಾನಿ ಅಂದಾಜು ಮಾಡಲು ಬರುವ ಸರ್ವೇಯರ್ ವರದಿಗೂ ಹೋಗುತ್ತವೆ. ಆ ಸಾಲುಗಳಲ್ಲಿ ಯಾವ ಕ್ರಿಯಾಪದ ಬಳಸಬೇಕು, ಯಾವುದು ತಪ್ಪು ಅರ್ಥ ಕೊಡುತ್ತದೆ ಎಂಬುದನ್ನು ಇಲ್ಲಿ ವಿವರಿಸಿದ್ದೇವೆ. ಪಾಲಿಸಿಯ ಷರತ್ತುಗಳು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆಯಾಗುತ್ತವೆ. ನಿಮ್ಮ ಪಾಲಿಸಿಯನ್ನು ಪಕ್ಕದಲ್ಲಿಟ್ಟುಕೊಂಡೇ ಇದನ್ನು ಓದಿ.

‘ಒಡೆದಿದೆ’ ಎಂದು ಬರೆದರೆ ಏನು ತೊಂದರೆ? ಎಲ್ಲರಿಗೂ ಅರ್ಥವಾಗುತ್ತದಲ್ಲ?

ಅರ್ಥವಾಗುತ್ತದೆ, ಆದರೆ ಒಬ್ಬೊಬ್ಬರಿಗೆ ಒಂದೊಂದು. ನಮ್ಮಲ್ಲಿ ಗಡಿಗೆಯೂ ಒಡೆಯುತ್ತದೆ, ಕಾಲುವೆಯೂ ಒಡೆಯುತ್ತದೆ, ಟ್ಯೂಬೂ ಒಡೆಯುತ್ತದೆ, ಹಾಲೂ ಒಡೆಯುತ್ತದೆ. ಮಾತಿನಲ್ಲಿ ಎದುರಿಗಿರುವ ವಸ್ತುವೇ ಅರ್ಥ ಹೇಳಿಬಿಡುವುದರಿಂದ ತೊಡಕಿಲ್ಲ. ಕಾಗದದ ಮೇಲೆ ವಸ್ತು ಇರುವುದಿಲ್ಲ. ‘ಸ್ಟೀಮ್ ಪೈಪ್ ಒಡೆದಿದೆ’ ಎಂಬ ಸಾಲನ್ನು ಒಬ್ಬರು ಪೈಪಿಗೆ ಕೂದಲೆಳೆಯಷ್ಟು ಬಿರುಕು ಬಂದಿದೆ ಎಂದು ಓದಬಹುದು, ಇನ್ನೊಬ್ಬರು ಜಾಯಿಂಟ್ ಬಿಟ್ಟುಕೊಂಡಿದೆ ಎಂದು, ಮತ್ತೊಬ್ಬರು ಪೈಪು ಸಿಡಿದು ಆವಿ ನುಗ್ಗಿದೆ ಎಂದು. ವಿಮೆಯಲ್ಲಿ ಈ ಮೂರೂ ಬೇರೆ ಬೇರೆ ಸಂಗತಿಗಳು. ಕೆಲವು ಪಾಲಿಸಿಗಳಲ್ಲಿ ಮೊದಲೆರಡಕ್ಕೆ ಹಣವೇ ಇಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಯಿತು, ಗೇಟು ಕೊಚ್ಚಿಹೋಯಿತು. ಇದನ್ನೇ ‘ಡ್ಯಾಂ ಒಡೆಯಿತು’ ಎಂದಿದ್ದರೆ ನದಿ ದಂಡೆಯ ಊರುಗಳಿಗೆ ಸಿಗುವ ಅರ್ಥವೇ ಬೇರೆ. ಚೈನು ತುಂಡಾಗುತ್ತದೆ, ಗೇಟು ಕೊಚ್ಚಿಹೋಗುತ್ತದೆ, ಕಟ್ಟೆ ಒಡೆಯುತ್ತದೆ. ಮೂರು ವಸ್ತು, ಮೂರು ಕ್ರಿಯಾಪದ. ಕ್ಲೇಮ್ ಪತ್ರದಲ್ಲೂ ಬೇಕಿರುವುದು ಇಷ್ಟೇ.

ಹಾಗಾದರೆ ಯಾವುದಕ್ಕೆ ಯಾವ ಪದ?

ಈ ವಿಂಗಡಣೆ ಕನ್ನಡದಲ್ಲಿ ಮೊದಲಿನಿಂದಲೂ ಇದೆ. ಗಟ್ಟಿಯಾದ, ಉದ್ದನೆಯ ವಸ್ತು ಎರಡಾದರೆ ಅದು ಮುರಿಯುತ್ತದೆ. ಶಾಫ್ಟು, ಬೋಲ್ಟು, ಗೇರಿನ ಹಲ್ಲು, ಫ್ಯಾನಿನ ರೆಕ್ಕೆ ಎಲ್ಲ ಮುರಿಯುವ ಜಾತಿಯವು. ಬಾಗುವ, ಮಡಚಬಹುದಾದ ವಸ್ತು ಹರಿಯುತ್ತದೆ. ಬೆಲ್ಟು, ಚೀಲ, ಕ್ಯಾನ್ವಾಸು, ಹಗ್ಗ ಹರಿಯುತ್ತವೆ. ಚೈನು, ತಂತಿ, ಕೇಬಲ್ಲು ತುಂಡಾಗುತ್ತವೆ. ಯಾರಾದರೂ ಆಯುಧ ಹಾಕಿದ್ದರೆ ಮಾತ್ರ ‘ಕತ್ತರಿಸಿದ್ದಾರೆ’ ಎನ್ನಬೇಕು. ಆಗ ಅದು ಕಳ್ಳತನ ಅಥವಾ ಕಿಡಿಗೇಡಿತನದ ಮಾತಾಗುತ್ತದೆ, ಪೊಲೀಸ್ ದೂರೂ ಬೇಕಾಗುತ್ತದೆ.

ಗಾಜು, ಪಿಂಗಾಣಿ, ಬೀಡು ಕಬ್ಬಿಣ ಒಡೆಯುವ ಜಾತಿ. ಅವುಗಳಲ್ಲೂ ಎಷ್ಟು ಚೂರಾಯಿತು ಎಂದು ಹೇಳಬೇಕು. ‘ಪುಲ್ಲಿ ಒಡೆದು ಮೂರು ಹೋಳಾಗಿದೆ’ ಎಂಬುದು ಒಳ್ಳೆಯ ಸಾಲು. ‘ನುಚ್ಚುನೂರಾಗಿದೆ’ ಎಂಬುದನ್ನು ಚೂರುಗಳನ್ನು ಎಣಿಸಲು ಆಗದಿದ್ದರೆ ಮಾತ್ರ ಬರೆಯಿರಿ.

ವಸ್ತು ಇನ್ನೂ ಒಂದಾಗಿಯೇ ಇದ್ದು ಮೈಮೇಲೆ ಗೆರೆ ಬಿದ್ದಿದ್ದರೆ ಬಿರುಕು. ಆ ಗೆರೆ ಉದ್ದಕ್ಕೆ ಓಡಿ ಎರಡು ಅಂಚು ಬೇರೆಯಾಗಿ ಕಾಣುತ್ತಿದ್ದರೆ ಸೀಳು. ಒಳಗಿನ ಒತ್ತಡದಿಂದ ಒಮ್ಮೆಲೇ ಬಾಯಿ ತೆರೆದು ಒಳಗಿದ್ದದ್ದು ಹೊರಗೆ ನುಗ್ಗಿದರೆ ಸಿಡಿಯಿತು ಎನ್ನಬೇಕು. ತಗಡು ಒಳಕ್ಕೆ ಹೋಗಿದ್ದರೆ ನಗ್ಗಿದೆ, ಶಾಫ್ಟು ನೇರ ತಪ್ಪಿದ್ದರೆ ಬಾಗಿದೆ. ಬೋಲ್ಟು ಮುರಿಯದೆ ಬುನಾದಿಯಿಂದಲೇ ಎದ್ದು ಬಂದಿದ್ದರೆ ಕಿತ್ತು ಬಂದಿದೆ. ‘ಜಖಂ’, ‘ಡ್ಯಾಮೇಜ್’, ‘ಹಾಳಾಗಿದೆ’ ಎಂಬ ಪದಗಳನ್ನು ವಿಷಯದ ಸಾಲಿನಲ್ಲಿ ಮಾತ್ರ ಬಳಸಿ. ವಿವರಣೆಯಲ್ಲಿ ಅವು ಏನನ್ನೂ ಹೇಳುವುದಿಲ್ಲ.

‘ಬಿರುಕು ಬಿಟ್ಟಿತು’ ಮತ್ತು ‘ಬಿರುಕು ಬಿಟ್ಟಿತ್ತು’ ಇವುಗಳಲ್ಲಿ ಅಷ್ಟು ವ್ಯತ್ಯಾಸ ಇದೆಯೇ?

ಇದೆ. ಒಂದು ಒತ್ತಕ್ಷರದಲ್ಲಿ ಕ್ಲೇಮಿನ ದಿಕ್ಕೇ ತಿರುಗುತ್ತದೆ. ‘ಬಿಟ್ಟಿತು’ ಎಂದರೆ ಆ ಘಟನೆಯಲ್ಲಿ ಆಯಿತು. ‘ಬಿಟ್ಟಿತ್ತು’ ಎಂದರೆ ಘಟನೆಗೆ ಮುಂಚೆಯೇ ಆಗಿತ್ತು. ‘ಮುರಿಯಿತು’, ‘ಮುರಿದಿತ್ತು’ ಇವೂ ಹಾಗೆಯೇ. ಬೆಳಿಗ್ಗೆ ಬಂದು ನೋಡಿದವರು ‘ನಾವು ಹೋಗಿ ನೋಡಿದಾಗ ಶಾಫ್ಟ್ ಮುರಿದಿತ್ತು’ ಎಂದು ಬರೆಯುತ್ತಾರೆ. ಅವರು ಹೇಳಹೊರಟಿದ್ದು ‘ನಾವು ಹೋಗುವಷ್ಟರಲ್ಲಿ ಮುರಿದುಹೋಗಿತ್ತು’ ಎಂದು. ಓದುವವರಿಗೆ ಅದು ‘ಮೊದಲೇ ಮುರಿದಿದ್ದ ಶಾಫ್ಟು’ ಎಂದು ಕೇಳಿಸಬಹುದು.

ತಪ್ಪಿಸಿಕೊಳ್ಳುವ ದಾರಿ ಸುಲಭ. ಕೊನೆಯ ಬಾರಿ ಸರಿಯಾಗಿ ನಡೆಯುತ್ತಿದ್ದದ್ದನ್ನು ಯಾರು, ಎಷ್ಟು ಹೊತ್ತಿಗೆ ನೋಡಿದರು ಎಂಬುದನ್ನು ಮೊದಲು ಬರೆಯಿರಿ. ನಂತರ ನಿಂತದ್ದು ಎಷ್ಟು ಹೊತ್ತಿಗೆ ಎಂದು ಬರೆಯಿರಿ. ಆಮೇಲೆ ‘ತೆರೆದು ನೋಡಲಾಗಿ ಶಾಫ್ಟ್ ಎರಡು ತುಂಡಾಗಿರುವುದು ಕಂಡಿತು’ ಎಂದು ಬರೆಯಿರಿ. ಹೀಗೆ ಬರೆದರೆ ಕಾಲದ ಗೊಂದಲಕ್ಕೆ ಎಡೆ ಉಳಿಯುವುದಿಲ್ಲ.

ಬಿರುಕು ನಿಜಕ್ಕೂ ಮೊದಲೇ ಇತ್ತು, ನಿಮಗೆ ಗೊತ್ತಿತ್ತು ಎಂದಾದರೆ ‘ಬಿಟ್ಟಿತ್ತು’ ಎಂದೇ ಬರೆಯಬೇಕು. ಒಂದು ಅಕ್ಷರ ತೆಗೆದು ಹಳೆಯ ಬಿರುಕನ್ನು ಹೊಸದು ಮಾಡುವುದು ಸುಳ್ಳು ಹೇಳಿಕೆ. ಮುರಿದ ಲೋಹವೇ ಅದನ್ನು ಬಯಲು ಮಾಡುತ್ತದೆ. ಹೇಗೆ ಎಂಬುದು ಮುಂದೆ ಬರುತ್ತದೆ.

ಒಂದು ಪೂರ್ತಿ ಉದಾಹರಣೆ ಕೊಡಿ.

ಕಾರಟಗಿ ಕಡೆಯ ಒಂದು ಮಿಲ್ಲು ಎಂದಿಟ್ಟುಕೊಳ್ಳೋಣ. ಭತ್ತ ಮೇಲಕ್ಕೆ ಸಾಗಿಸುವ ಬಕೆಟ್ ಎಲಿವೇಟರ್ ರಾತ್ರಿ ಪಾಳಿಯಲ್ಲಿ ದೊಡ್ಡ ಸದ್ದು ಮಾಡಿ ನಿಂತಿತು. ಮೇಲಿನ ಪುಲ್ಲಿಯ ಶಾಫ್ಟು ಎರಡಾಗಿದೆ. ಪುಲ್ಲಿ ಒಂದು ಕಡೆ ವಾಲಿದ್ದರಿಂದ ಬೆಲ್ಟು ಅಂಚಿಗೆ ಉಜ್ಜಿ ಹರಿದಿದೆ. ಬೆಲ್ಟಿನ ಜೊತೆ ಬಕೆಟ್ಟುಗಳು ಕೆಳಗೆ ಬಿದ್ದು ಕೇಸಿಂಗಿನ ತಗಡು ನಗ್ಗಿದೆ, ಒಳಗೆ ನೋಡಲು ಇಟ್ಟಿದ್ದ ಗಾಜು ಒಡೆದಿದೆ. ಸರ್ವೇಯರ್ ಬಂದು ‘ಏನಾತ್ರಿ?’ ಎಂದರೆ ಸ್ಥಳದಲ್ಲಿದ್ದವರು ಹೇಳುವುದು ‘ಎಲಿವೇಟರ್ ಒಡದೈತ್ರಿ ಸಾಹೇಬ್ರ, ಎಲ್ಲಾ ಹೋಗೇತಿ’. ಮಾತಿಗೆ ಅದು ಸರಿ. ಪತ್ರದಲ್ಲೂ ಅದೇ ಬಂದರೆ ಹಣ ಹೋಗುತ್ತದೆ.

ಬರೆಯಬೇಕಾದದ್ದು ಹೀಗೆ:

‘ರಾತ್ರಿ 11-20ಕ್ಕೆ ಎಲಿವೇಟರ್ ನಡೆಯುತ್ತಿದ್ದಾಗ ಮೇಲ್ಗಡೆಯಿಂದ ಒಂದೇ ಸಲ ದೊಡ್ಡ ಸದ್ದು ಬಂದು ಎಲಿವೇಟರ್ ತಾನಾಗಿ ನಿಂತಿತು. ಆಪರೇಟರ್ ಕೂಡಲೇ ಮೋಟಾರ್ ಬಂದ್ ಮಾಡಿದರು. ಮೇಲಿನ ಮುಚ್ಚಳ ತೆರೆದಾಗ 60 ಮಿ.ಮೀ. ಶಾಫ್ಟು ಮೋಟಾರ್ ಕಡೆಯ ಬೇರಿಂಗ್ ಪಕ್ಕದಲ್ಲಿ, ಕೀ ಕೂರುವ ತೋಡು ಮುಗಿಯುವ ಜಾಗದಲ್ಲಿ, ಮುರಿದು ಎರಡು ತುಂಡಾಗಿರುವುದು ಕಂಡಿತು. ಪುಲ್ಲಿ ವಾಲಿದೆ, ಆದರೆ ಒಡೆದಿಲ್ಲ. ಬೆಲ್ಟು ಅಡ್ಡಕ್ಕೆ ಪೂರ್ತಿ ಹರಿದಿದೆ. 14 ಬಕೆಟ್ಟುಗಳು ಬೆಲ್ಟಿನಿಂದ ಕಿತ್ತು ಕೆಳಗೆ ಬಿದ್ದಿವೆ. ಕೆಳಗಿನ ಕೇಸಿಂಗ್ ತಗಡು ಒಂದು ಕಡೆ ಒಳಕ್ಕೆ ನಗ್ಗಿದೆ. ನೋಡುವ ಗಾಜು ಒಡೆದು ಉದುರಿದೆ.’

ಈ ಸಾಲುಗಳಲ್ಲಿ ಪ್ರತಿ ಭಾಗಕ್ಕೂ ಅದರದೇ ಕ್ರಿಯಾಪದ ಇದೆ. ಏನು ಒಡೆದಿಲ್ಲ ಎಂಬುದೂ ಇದೆ, ಅದನ್ನು ಬಹಳ ಮಂದಿ ಬಿಡುತ್ತಾರೆ. ಕಾರಣವನ್ನು ಮಾತ್ರ ಬರೆದಿಲ್ಲ. ‘ಲೋಡ್ ಜಾಸ್ತಿಯಾಗಿ’, ‘ಶಾಫ್ಟ್ ಹಳೇದಾಗಿ’ ಎಂಬ ಊಹೆಗಳನ್ನು ಮೊದಲ ಪತ್ರದಲ್ಲಿ ಸೇರಿಸಬೇಡಿ. ಕಂಡದ್ದು, ಕೇಳಿಸಿದ್ದು, ಹೊತ್ತು, ಜಾಗ ಇಷ್ಟು ಸಾಕು. ಕಾರಣ ಕೇಳಿದಾಗ ಗೊತ್ತಿರುವುದನ್ನು ಮುಚ್ಚಿಡದೆ ಹೇಳಿ.

ಪದ ವಿಂಗಡಿಸಿದರೆ ಹಣದಲ್ಲಿ ಏನು ಬದಲಾಗುತ್ತದೆ?

ಯಂತ್ರ ಕೆಡುವಿಕೆಯ ಪಾಲಿಸಿ, ಅಂದರೆ ಮಷಿನರಿ ಬ್ರೇಕ್‌ಡೌನ್ ಪಾಲಿಸಿ, ನಡೆಯುತ್ತಿರುವ ಯಂತ್ರದ ಭಾಗ ನಿಜವಾಗಿ ಮುರಿದು ಅಥವಾ ಸುಟ್ಟು, ಯಂತ್ರ ಒಮ್ಮೆಲೇ ನಿಂತು, ರಿಪೇರಿ ಬೇಕಾಗುವ ಸಂದರ್ಭಕ್ಕೆ ಇರುವಂಥದ್ದು. ಸವೆತ ಅದರಲ್ಲಿ ಬರುವುದಿಲ್ಲ. ತಕ್ಷಣ ನಿಲ್ಲಿಸುವ ಅಗತ್ಯವಿಲ್ಲದ, ಮೆಲ್ಲಗೆ ಬೆಳೆಯುವ ಬಿರುಕು ಮತ್ತು ಅರ್ಧ ಮುರಿತಗಳನ್ನೂ ಸಾಮಾನ್ಯವಾಗಿ ಹೊರಗಿಡುತ್ತಾರೆ. ಅದಕ್ಕೇ ‘ನಡೆಯುತ್ತಿದ್ದಾಗ’, ‘ತಾನಾಗಿ ನಿಂತಿತು’, ‘ಎರಡು ತುಂಡಾಗಿದೆ’ ಎಂಬ ಮೂರು ಮಾತುಗಳು ನಿಜವಾಗಿದ್ದರೆ ಪತ್ರದಲ್ಲಿ ಇರಲೇಬೇಕು. ‘ಶಾಫ್ಟಿಗೆ ಬಿರುಕು ಬಂದಿದೆ’ ಎಂದು ಬರೆದರೆ ನಿಮ್ಮ ಕೈಯಾರೆ ಹೊರಗಿಟ್ಟ ಸಾಲಿಗೆ ಸೇರಿದಂತೆ.

ಇದೇ ಪಾಲಿಸಿಯಲ್ಲಿ ಬೆಲ್ಟು, ಹಗ್ಗ, ಚೈನು, ಗಾಜಿನ ಭಾಗಗಳು, ಜರಡಿಗಳು ಸಾಮಾನ್ಯವಾಗಿ ಸೇರುವುದಿಲ್ಲ, ಏಕೆಂದರೆ ಅವನ್ನು ಆಗಾಗ ಬದಲಿಸುವುದೇ ರೂಢಿ. ಹಾಗಾಗಿ ನಮ್ಮ ಎಲಿವೇಟರಿನ ಬಿಲ್ಲನ್ನು ಒಡೆದು ನೋಡಬೇಕು. ಬೆಲೆಗಳು ಲೆಕ್ಕ ತೋರಿಸಲು ಮಾತ್ರ. ಒಟ್ಟು ಬಿಲ್ಲು 64,000 ರೂಪಾಯಿ. ಅದರಲ್ಲಿ ಬೆಲ್ಟು 22,000, ಗಾಜು 1,000. ಇವೆರಡನ್ನು ತೆಗೆದರೆ ಶಾಫ್ಟು, ಬೇರಿಂಗ್, ಬಕೆಟ್ಟು, ತಗಡಿನ ಕೆಲಸ ಮತ್ತು ಕೂಲಿ ಸೇರಿ 41,000 ಉಳಿಯುತ್ತದೆ. ಎಲಿವೇಟರನ್ನು 6 ಲಕ್ಷಕ್ಕೆ ವಿಮೆ ಮಾಡಿಸಿದ್ದೀರಿ, ಅಂಥದೇ ಹೊಸದಕ್ಕೆ ಇವತ್ತು 8 ಲಕ್ಷ ಬೀಳುತ್ತದೆ ಎಂದಾದರೆ ನೀವು ಮುಕ್ಕಾಲು ಭಾಗಕ್ಕಷ್ಟೇ ವಿಮೆ ಮಾಡಿಸಿದಂತೆ, ಪರಿಹಾರವೂ ಅಷ್ಟೇ ಪಾಲು. 41,000ದ ಮುಕ್ಕಾಲು 30,750. ಪಾಲಿಸಿಯಲ್ಲಿ ನೀವೇ ಹೊರಬೇಕಾದ ಮೊತ್ತ 5,000 ಎಂದಿದ್ದರೆ ಕೈಗೆ ಬರುವುದು 25,750, ಅದರಲ್ಲೂ ಗುಜರಿ ಬೆಲೆ ಕಳೆಯಬಹುದು.

ಫಿಟ್ಟರು ‘ಎಲಿವೇಟರ್ ರಿಪೇರಿ 64,000’ ಎಂದು ಒಂದೇ ಸಾಲಿನ ಬಿಲ್ಲು ಕೊಟ್ಟರೆ, ಪತ್ರದಲ್ಲೂ ‘ಎಲಿವೇಟರ್ ಒಡೆಯಿತು’ ಎಂದೇ ಇದ್ದರೆ, ಬೆಲ್ಟಿನ ಪಾಲು ಎಷ್ಟೆಂದು ಸರ್ವೇಯರೇ ಅಂದಾಜು ಮಾಡಬೇಕಾಗುತ್ತದೆ. ಆ ಅಂದಾಜು ನಿಮ್ಮ ಕಡೆಗೇ ಇರುತ್ತದೆಂದು ಹೇಳಲಾಗದು. ಪತ್ರದಲ್ಲಿ ಎಷ್ಟು ಕ್ರಿಯಾಪದ ಇವೆಯೋ ಬಿಲ್ಲಿನಲ್ಲಿ ಅಷ್ಟು ಸಾಲು ಇರಲಿ.

ಮುರಿದ ಶಾಫ್ಟು ನೋಡಿ ಹಳೆಯ ಬಿರುಕೋ ಹೊಸದೋ ಎಂದು ಹೇಗೆ ಗೊತ್ತಾಗುತ್ತದೆ?

ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿ. ಒಮ್ಮೆಲೇ ಮುರಿದದ್ದಾದರೆ ಮುಖವೆಲ್ಲ ಒಂದೇ ಬಣ್ಣ, ರವೆಯಂತೆ ಒರಟು, ಹೊಸ ಲೋಹದ ಬೂದು ಹೊಳಪು. ಮೆದು ಉಕ್ಕಾಗಿದ್ದರೆ ಅಂಚು ತುಸು ಎಳೆದು ತೆಳ್ಳಗಾಗಿರಬಹುದು, ತಿರುಚಿದ ಗುರುತೂ ಇರಬಹುದು.

ದಿನಗಟ್ಟಲೆ ಬೆಳೆದ ಬಿರುಕಾದರೆ ಮುಖದಲ್ಲಿ ಎರಡು ಭಾಗ ಕಾಣುತ್ತವೆ. ಒಂದು ಮೂಲೆಯಿಂದ, ಬಹಳ ಸಲ ಕೀ ಕೂರುವ ತೋಡಿನ ಚೂಪು ಮೂಲೆಯಿಂದಲೇ, ಹೊರಟ ನುಣುಪು ಭಾಗ. ಅದರ ಮೇಲೆ ಬೇಸಿಗೆಯಲ್ಲಿ ಕೆರೆ ನೀರು ಇಳಿಯುತ್ತ ದಂಡೆಯ ಮೇಲೆ ಬಿಟ್ಟ ಗೆರೆಗಳಂತೆ ಬಾಗಿದ ಗೆರೆಗಳು. ಅಲ್ಲಿ ಎಣ್ಣೆಮಸಿ ಅಥವಾ ತುಕ್ಕಿನ ಬಣ್ಣ ಹಿಡಿದಿರುತ್ತದೆ. ಉಳಿದದ್ದು ಕೊನೆಯ ಕ್ಷಣದಲ್ಲಿ ಮುರಿದ ಒರಟು ಭಾಗ. ನುಣುಪು ಭಾಗ ದೊಡ್ಡದು, ಒರಟು ಭಾಗ ಚಿಕ್ಕದು ಎಂದಾದರೆ ಭಾರ ಕಡಿಮೆಯೇ ಇತ್ತು, ಬಿರುಕು ಬಹಳ ಕಾಲ ಬೆಳೆದಿದೆ. ನುಣುಪು ಭಾಗ ಉಗುರಿನಷ್ಟು, ಉಳಿದದ್ದೆಲ್ಲ ಒರಟು ಎಂದಾದರೆ ಹೊರೆ ಹೆಚ್ಚಾಗಿತ್ತು.

ನುಣುಪು ಭಾಗ ಇದ್ದ ಮಾತ್ರಕ್ಕೆ ಕ್ಲೇಮ್ ಸತ್ತಿತು ಎಂದಲ್ಲ. ಮುಚ್ಚಳದೊಳಗೆ, ಬೇರಿಂಗಿನ ಮರೆಯಲ್ಲಿ ಬೆಳೆದ ಬಿರುಕು ಯಾರ ಕಣ್ಣಿಗೂ ಬೀಳುವಂಥದಲ್ಲ, ಮುರಿತ ಮಾತ್ರ ಒಮ್ಮೆಲೇ ಆಯಿತು ಎಂದು ವಾದಿಸಲು ಅವಕಾಶವಿದೆ. ಆ ವಾದ ನಿಲ್ಲಬೇಕಾದರೆ ಗ್ರೀಸ್ ಹಾಕಿದ, ಬೇರಿಂಗ್ ಬದಲಿಸಿದ ದಿನಗಳ ರಿಜಿಸ್ಟರ್ ಬೇಕು. ‘ಬಿರುಕು ಇರಲಿಲ್ಲ’ ಎಂದು ಬರೆದುಬಿಟ್ಟಿದ್ದರೆ ಆ ವಾದವೂ ಕೈತಪ್ಪುತ್ತದೆ. ‘ಹೊರಗಿನಿಂದ ಬಿರುಕು ಕಂಡುಬಂದಿರಲಿಲ್ಲ’ ಎಂಬುದು ನಿಜವಾಗಿದ್ದರೆ ಅಷ್ಟನ್ನೇ ಬರೆಯಿರಿ.

ಇಲ್ಲಿ ಆಗುವ ದೊಡ್ಡ ತಪ್ಪು ಕೈಯಿಂದ ಆಗುವಂಥದ್ದು. ಎರಡು ತುಂಡನ್ನು ಹೊಂದುತ್ತದೆಯೇ ಎಂದು ಒಂದಕ್ಕೊಂದು ಒತ್ತಿ ತಿರುಗಿಸುತ್ತಾರೆ, ಗೆರೆಗಳೆಲ್ಲ ಉಜ್ಜಿಹೋಗುತ್ತವೆ. ಸೀಮೆಎಣ್ಣೆಯಲ್ಲಿ ತೊಳೆಯುತ್ತಾರೆ, ತುಕ್ಕಿನ ಸಾಕ್ಷಿ ಹೋಗುತ್ತದೆ. ಮಿಲ್ಲು ನಿಲ್ಲಬಾರದೆಂದು ಸರ್ವೇಯರ್ ಬರುವ ಮುಂಚೆಯೇ ವೆಲ್ಡಿಂಗ್ ಹೊಡೆಸುತ್ತಾರೆ. ತುರ್ತಾಗಿ ಬೇರೆ ಶಾಫ್ಟು ಹಾಕಲೇಬೇಕಾದರೆ ಕಂಪನಿಗೆ ಫೋನ್ ಮತ್ತು ಇಮೇಲ್ ಮಾಡಿ ಒಪ್ಪಿಗೆ ಪಡೆಯಿರಿ, ತೆಗೆಯುವ ಮೊದಲು ಇದ್ದ ಜಾಗದಲ್ಲೇ ಫೋಟೋ ತೆಗೆಯಿರಿ, ಎರಡೂ ತುಂಡನ್ನು ಬೇರೆ ಬೇರೆ ಒಣ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಡಿ. ಹಮಾಲರಿಗೂ ಫಿಟ್ಟರಿಗೂ ಮೊದಲೇ ಹೇಳಿಡಿ, ಇಲ್ಲದಿದ್ದರೆ ಗುಜರಿಗೆ ಹೋಗಿರುತ್ತದೆ.

ಬಾಯ್ಲರಿನ ಟ್ಯೂಬ್ ‘ಸಿಡಿಯಿತು’ ಎಂದು ಬರೆಯಬಹುದೇ?

ಭತ್ತ ಬೇಯಿಸುವ ಮಿಲ್ಲುಗಳಲ್ಲಿ ಪದ ಅತಿ ಸೂಕ್ಷ್ಮವಾಗುವುದು ಇಲ್ಲಿಯೇ. ಬಾಯ್ಲರಿಗೆ ಬೇರೆ ಪಾಲಿಸಿ ಇರುತ್ತದೆ. ಬೆಂಕಿ ಪಾಲಿಸಿಯಲ್ಲಿ ಸ್ಫೋಟ ಸೇರಿದ್ದರೂ, ಬಾಯ್ಲರ್ ತಾನೇ ಸಿಡಿದು ತನಗೆ ಮಾಡಿಕೊಂಡ ಹಾನಿ ಅದರಲ್ಲಿ ಸೇರುವುದಿಲ್ಲ.

ಬಾಯ್ಲರ್ ಪಾಲಿಸಿಯಲ್ಲಿ ಎರಡು ಘಟನೆಗಳಿಗೆ ವ್ಯಾಖ್ಯೆ ಕೊಟ್ಟಿರುತ್ತಾರೆ. ಸ್ಫೋಟ ಎಂದರೆ ಒಳಗಿನ ಆವಿ ಅಥವಾ ನೀರಿನ ಒತ್ತಡಕ್ಕೆ ಬಾಯ್ಲರಿನ ಮೈ ಒಮ್ಮೆಲೇ, ಬಲವಾಗಿ ಸೀಳಿ, ಅದರ ಭಾಗ ಜಾಗ ಬಿಟ್ಟು ಸರಿದು, ಒಳಗಿದ್ದದ್ದು ರಭಸದಿಂದ ಹೊರಬೀಳಬೇಕು. ಕುಸಿತ ಎಂದರೆ ಅದೇ ಒತ್ತಡಕ್ಕೆ ಯಾವುದಾದರೂ ಭಾಗ ಒಮ್ಮೆಲೇ ಅಪಾಯಕಾರಿಯಾಗಿ ಬಾಗಿ ಅಥವಾ ನುಗ್ಗುನುಗ್ಗಾಗಿ ಆಕಾರ ಕೆಡಬೇಕು, ಬಾಯಿ ತೆರೆಯಲಿ ಬಿಡಲಿ. ಇವೆರಡಕ್ಕೂ ಸೇರದ ಬಿರುಕು, ಗುಳ್ಳೆ, ಪದರ ಏಳುವುದು, ಸವೆತ, ತುಕ್ಕು, ಜಾಯಿಂಟ್ ಬಿಡುವುದು ಇವೆಲ್ಲ ಸೋರಿಕೆ ಇದ್ದರೂ ಹೊರಗೆ. ಬಹಳ ಟ್ಯೂಬುಗಳಿರುವ ಬಾಯ್ಲರುಗಳಲ್ಲಿ ಬಿಡಿ ಟ್ಯೂಬ್ ಹೋದದ್ದೂ ಸಾಮಾನ್ಯವಾಗಿ ಹೊರಗೆ.

ಹಾಗಾಗಿ ‘ಬಾಯ್ಲರ್ ಸಿಡಿಯಿತು’ ಎಂದು ಬರೆಯಬೇಕಾದರೆ ಮೈ ಸೀಳಿರಬೇಕು, ಭಾಗ ಸರಿದಿರಬೇಕು, ಆವಿ ನುಗ್ಗಿರಬೇಕು. ಒಂದು ಟ್ಯೂಬು ಮಾತ್ರ ಹೋಗಿದ್ದರೆ ‘ಒಂದು ಟ್ಯೂಬ್ ಸೀಳಿದೆ’ ಎಂದು ಬರೆಯಿರಿ, ಸೀಳಿನ ಉದ್ದವನ್ನು ಮಿ.ಮೀ.ನಲ್ಲಿ ಕೊಡಿ. ಟ್ಯೂಬ್ ಉಬ್ಬಿ, ಬಾಯಿ ತೆರೆದ ಮೀನಿನಂತೆ ಅಂಚು ತೆಳ್ಳಗಾಗಿ ಸೀಳಿದ್ದರೆ ಅದನ್ನೂ ಹೇಳಿ. ನೀರು ಇಳಿದು ಟ್ಯೂಬ್ ಸ್ವಲ್ಪ ಹೊತ್ತಿನಲ್ಲೇ ಕೆಂಪಗೆ ಕಾದಾಗ ಹೀಗಾಗುತ್ತದೆ. ಅಂಚು ದಪ್ಪವಾಗಿದ್ದು ಉಬ್ಬು ಕಡಿಮೆ ಇದ್ದರೆ ಬಹುಕಾಲ ತುಸು ಹೆಚ್ಚು ಕಾದದ್ದು. ಬೋರ್ ನೀರಿನ ಸುಣ್ಣದ ಪದರ ಒಳಗೆ ಕಟ್ಟಿಕೊಂಡ ಟ್ಯೂಬುಗಳಲ್ಲಿ ಶಾಖ ನೀರಿಗೆ ದಾಟದೆ ಹೀಗಾಗುತ್ತದೆ. ಸೂಜಿಮೊನೆಯಷ್ಟು ತೂತು ಬಿದ್ದು ಸೋರುತ್ತಿದ್ದರೆ ಅದು ತುಕ್ಕು ತಿಂದದ್ದು. ಅದಕ್ಕೆ ‘ಸಿಡಿಯಿತು’ ಎನ್ನುವುದು ಸುಳ್ಳಾಗುತ್ತದೆ.

ಬಾಯ್ಲರ್ ಅಪಘಾತಕ್ಕೆ ಇನ್ನೊಂದು ಕಾಗದ ಇದೆ. ಬಾಯ್ಲರ್ ಕಾನೂನಿನಂತೆ 24 ಗಂಟೆಯೊಳಗೆ ಬಾಯ್ಲರ್ ಇನ್ಸ್‌ಪೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕು. ಅದರಲ್ಲಿ ಅಪಘಾತದ ನಿಜ ಸ್ವರೂಪ, ಬಾಯ್ಲರಿಗೆ ಆದ ಹಾನಿ, ಜನರಿಗೆ ಆದ ಗಾಯದ ವಿವರ ಇರಬೇಕು. ಅಲ್ಲಿ ‘ಸಣ್ಣ ಲೀಕೇಜ್’ ಎಂದೂ ವಿಮೆಗೆ ‘ಭಾರೀ ಸ್ಫೋಟ’ ಎಂದೂ ಬರೆದರೆ ಎರಡು ಕಾಗದವೂ ಒಂದೇ ಮೇಜಿನ ಮೇಲೆ ಬಂದ ದಿನ ನಿಮ್ಮ ಕೈಯಲ್ಲಿ ಉತ್ತರ ಇರುವುದಿಲ್ಲ. ಎರಡಕ್ಕೂ ಒಂದೇ ವಿವರಣೆಯ ಪ್ರತಿ ಬಳಸಿ.

ಗೋದಾಮಿನ ಗೋಡೆ ‘ಬಿರುಕು ಬಿಟ್ಟಿದೆ’. ಬೆಂಕಿ ಪಾಲಿಸಿಯಲ್ಲಿ ಬರುತ್ತದೆಯೇ?

ಬರೀ ಬಿರುಕಿಗೆ ಕಷ್ಟ. ನೆಲ ಕುಸಿತ ಆ ಪಾಲಿಸಿಯಲ್ಲಿ ಸೇರಿದ್ದರೂ, ಹೊಸ ಕಟ್ಟಡ ಕೂರುವಾಗ ಬರುವ ಸಹಜ ಬಿರುಕು ಸೇರುವುದಿಲ್ಲ. ನಮ್ಮ ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಗೋಡೆಯ ಬಿರುಕು ವರ್ಷಾವರ್ಷ ತೆರೆದು ಮುಚ್ಚುತ್ತದೆ, ಕಿಟಕಿ ಮೂಲೆಯಿಂದ ಓರೆಯಾಗಿ ಮೆಟ್ಟಿಲಿನಂತೆ ಇಟ್ಟಿಗೆಗಳ ಸಂದಿನಲ್ಲಿ ಓಡುತ್ತದೆ. ಇದು ಒಂದು ದಿನದ ಘಟನೆಯಲ್ಲ. ಒಂದು ಮಳೆಯ ರಾತ್ರಿ ಅಡಿಪಾಯದ ಕೆಳಗಿನ ಮಣ್ಣು ಕೊರೆದುಹೋಗಿ ಗೋಡೆ ವಾಲಿದ್ದರೆ ಮುಖ್ಯ ಪದ ಬಿರುಕಲ್ಲ: ‘ಅಡಿಪಾಯ ಕುಸಿಯಿತು, ಗೋಡೆ ಇಷ್ಟು ಇಂಚು ವಾಲಿತು, ಅದರಿಂದ ಬಿರುಕು ಬಂತು’ ಎಂದು ಆದ ಕ್ರಮದಲ್ಲೇ ಬರೆಯಿರಿ.

ಮಿಲ್ಲಿನ ಲಾರಿಗೆ ಏನಾದರೂ ಬೇರೆ ನಿಯಮವೇ?

ಪದದ ನಿಯಮ ಅದೇ. ಲಾರಿಯಲ್ಲಿ ಯಾವುದು ಮೊದಲಾಯಿತು ಎಂಬ ಕ್ರಮಕ್ಕೆ ತೂಕ ಹೆಚ್ಚು. ‘ಲಾರಿ ಪಲ್ಟಿಯಾಗಿ ಕಮಾನ್ ಪಟ್ಟಿ ಮುರಿಯಿತು’ ಎಂದರೆ ಪಟ್ಟಿಯೂ ಅಪಘಾತದ ಹಾನಿ. ‘ಕಮಾನ್ ಪಟ್ಟಿ ಮುರಿದು ಲಾರಿ ಪಲ್ಟಿಯಾಯಿತು’ ಎಂದರೆ ಪಟ್ಟಿ ತಾನಾಗಿ ಮುರಿದದ್ದು, ಯಾಂತ್ರಿಕ ಮುರಿತ. ಅದಕ್ಕೆ ಹಣವಿಲ್ಲ, ಪಲ್ಟಿಯಿಂದಾದ ಉಳಿದ ಹಾನಿಯನ್ನು ಬೇರೆಯಾಗಿ ನೋಡುತ್ತಾರೆ. ಹೊರೆ ಮೀರಿತ್ತೇ ಎಂಬ ಪ್ರಶ್ನೆಯೂ ಏಳುತ್ತದೆ. ವೇಬ್ರಿಜ್ ಚೀಟಿ ಇಟ್ಟುಕೊಳ್ಳಿ.

ಗಾಜಿನ ವಿಷಯದಲ್ಲಿ ಒಂದು ಮಾತು. ಮುಂದಿನ ಗಾಜು ನಡುವೆ ಪದರ ಇರುವ ಲ್ಯಾಮಿನೇಟೆಡ್ ಗಾಜಾಗಿದ್ದರೆ ಅದು ಜೇಡರಬಲೆಯಂತೆ ಬಿರಿದು ಜಾಗದಲ್ಲೇ ನಿಲ್ಲುತ್ತದೆ. ಕಾಯಿಸಿ ಗಟ್ಟಿ ಮಾಡಿದ ಪಕ್ಕದ ಗಾಜು ಕಲ್ಲುಸಕ್ಕರೆಯಂಥ ಹರಳುಗಳಾಗಿ ಉದುರುತ್ತದೆ. ಲ್ಯಾಮಿನೇಟೆಡ್ ಮುಂದಿನ ಗಾಜು ‘ಪುಡಿಪುಡಿಯಾಗಿ ಉದುರಿತು’ ಎಂದು ಬರೆದರೆ ಫೋಟೋ ನೋಡಿದವರಿಗೆ ಅನುಮಾನ ಬರುತ್ತದೆ.

ನಾವು ಕನ್ನಡದಲ್ಲಿ ಬರೆದದ್ದನ್ನು ಇಂಗ್ಲಿಷಿಗೆ ತಿರುಗಿಸುವಾಗ ಏನಾಗುತ್ತದೆ?

ಏಜೆಂಟರು ಅಥವಾ ಕಂಪ್ಯೂಟರ್ ಸೆಂಟರಿನವರು ಎಲ್ಲಕ್ಕೂ ‘ಬ್ರೋಕನ್’ ಅಥವಾ ‘ಡ್ಯಾಮೇಜ್ಡ್’ ಎಂದು ಹಾಕಿಬಿಡುತ್ತಾರೆ, ನೀವು ವಿಂಗಡಿಸಿ ಬರೆದದ್ದು ಮತ್ತೆ ಒಂದಾಗುತ್ತದೆ. ಬಿರುಕಿಗೆ ಕ್ರ್ಯಾಕ್, ಶಾಫ್ಟು ಎರಡಾಗಿ ಮುರಿದದ್ದಕ್ಕೆ ಫ್ರಾಕ್ಚರ್ಡ್ ಇಂಟು ಟೂ, ಚೈನು ತುಂಡಾದದ್ದಕ್ಕೆ ಸ್ನ್ಯಾಪ್ಡ್, ಗಾಜು ಚೂರಾದದ್ದಕ್ಕೆ ಶಾಟರ್ಡ್, ಬೆಲ್ಟು ಹರಿದದ್ದಕ್ಕೆ ಟೋರ್ನ್, ಒತ್ತಡಕ್ಕೆ ಟ್ಯೂಬು ಬಾಯಿ ತೆರೆದದ್ದಕ್ಕೆ ರಪ್ಚರ್ಡ್, ತಗಡು ನಗ್ಗಿದ್ದಕ್ಕೆ ಡೆಂಟೆಡ್ ಎಂದು ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ. ‘ಕ್ರ್ಯಾಕ್ಡ್’ ಎಂದು ಬಂದ ಕಡೆಯೆಲ್ಲ ನಿಲ್ಲಿಸಿ ಎರಡು ಸಲ ನೋಡಿ. ಎರಡಾಗಿ ಮುರಿದದ್ದನ್ನು ಹಾಗೆ ತಿರುಗಿಸಿದ್ದರೆ ಹೊಡೆತ ಬೀಳುವುದು ಅಲ್ಲಿಯೇ.

ಕನ್ನಡ ಮೂಲ ಪತ್ರಕ್ಕೂ ದಿನಾಂಕ, ಸಹಿ, ಮಿಲ್ಲಿನ ಮೊಹರು ಹಾಕಿ ಇಂಗ್ಲಿಷ್ ಪ್ರತಿಯ ಜೊತೆಗೇ ಕಳಿಸಿ. ಮುಂದೆ ಪದದ ಮೇಲೆ ತಕರಾರು ಬಂದರೆ ತೋರಿಸಲು ಅದೇ ಬೇಕಾಗುತ್ತದೆ.

ಮೊದಲ ಪತ್ರದಲ್ಲಿ ತಪ್ಪು ಪದ ಬರೆದುಬಿಟ್ಟಿದ್ದೇವೆ. ಈಗ?

ಹಳೆಯ ಪತ್ರವನ್ನು ತಿದ್ದಬೇಡಿ, ವಾಪಸ್ ಕೇಳಬೇಡಿ. ಹೊಸ ದಿನಾಂಕದ ಎರಡನೇ ಪತ್ರ ಕೊಡಿ: ‘ದಿನಾಂಕ ಇಷ್ಟರ ಪತ್ರದಲ್ಲಿ ಶಾಫ್ಟಿಗೆ ಬಿರುಕು ಎಂದು ಬರೆಯಲಾಗಿದೆ. ಮುಚ್ಚಳ ತೆರೆಯುವ ಮೊದಲು ಹೊರಗಿನಿಂದ ಕಂಡಂತೆ ಬರೆದದ್ದು. ತೆರೆದ ನಂತರ ಎರಡು ತುಂಡಾಗಿರುವುದು ಕಂಡಿದೆ, ಫೋಟೋ ಲಗತ್ತಿಸಿದೆ.’ ಯಾಕೆ ಪದ ಬದಲಾಯಿತು ಎಂಬ ನಿಜವಾದ ಕಾರಣ ಅದರಲ್ಲಿರಬೇಕು. ಇದನ್ನು ಸರ್ವೇಯರ್ ವರದಿ ಕೊಡುವ ಮುಂಚೆ ತಲುಪಿಸಿ, ಸ್ವೀಕೃತಿ ಪಡೆಯಿರಿ. ವರದಿ ಹೋದ ಮೇಲೆ ಬಂದ ತಿದ್ದುಪಡಿಯನ್ನು ಸಂಶಯದಿಂದಲೇ ನೋಡುತ್ತಾರೆ.